ಹುಮನಾಬಾದ್ ಬಂತೇ, ಕಾಕಾ?

ಕಲಬುರಗಿಯಿಂದ ಬೀದರಿಗೆ ಹೊರಟ ಪ್ಯಾಸೆಂಜರ್ ರೈಲು. ಎರಡು ಕುರ್ಚಿಗಳನ್ನು ಎದುರುಬದುರು ಹಾಕಿಕೊಳ್ಳಿ. ಯುವತಿ ಮೈಸೂರಿನವಳು, ಹುಮನಾಬಾದಿನ ಬ್ಯಾಂಕೊಂದರಲ್ಲಿ ನಾಳೆಯಿಂದ ಕೆಲಸ. ಹಿರಿಯರು ಬೀದರಿನ ಬಿದ್ರಿ ಕುಶಲಕರ್ಮಿ. ‘ಸರ್’ ಎಲ್ಲಿ ‘ಕಾಕಾ’ ಆಗುತ್ತದೆ, ‘ನೀವು’ ಎಲ್ಲಿ ‘ನೀನು’ ಆಗುತ್ತದೆ ಎಂಬುದನ್ನು ಗಮನಿಸಿ ಓದಿ.

ಯುವತಿ: ಸರ್, ಇಲ್ಲಿ ಯಾರಾದರೂ ಕುಳಿತಿದ್ದಾರೆಯೇ?

ಹಿರಿಯರು: ಇಲ್ಲ, ನನ್ನ ಚೀಲ ಮಾತ್ರ ಕುಳಿತಿದೆ. (ಚೀಲ ತೆಗೆದು) ಬನ್ನಿ. ಎಲ್ಲಿಗೆ ಹೋಗಬೇಕು?

ಯುವತಿ: ಹುಮನಾಬಾದಿಗೆ. ನಿಲ್ದಾಣ ತಪ್ಪಿಹೋದೀತು ಎಂದು ಭಯ.

ಹಿರಿಯರು: ತಪ್ಪುವುದಿಲ್ಲ. ತಾಜಸುಲ್ತಾನಪುರ, ಆಮೇಲೆ ಕಮಲಾಪುರ. ಅದನ್ನು ದಾಟಿದ ಮೇಲೆ ಮರಗುತ್ತಿಯ ಸುರಂಗ. ಡಬ್ಬಿಯೆಲ್ಲ ಕತ್ತಲಾದರೆ ಸಾಮಾನು ಕೈಗೆ ತೆಗೆದುಕೊಳ್ಳಿ.

ಯುವತಿ: ಕಮಲಾಪುರ ಎಂದರೆ ಕೆಂಪು ಬಾಳೆಹಣ್ಣಿನ ಊರೇ?

ಹಿರಿಯರು: ಅದೇ. ಈ ಹಳಿಯ ಮೇಲೆ ರೈಲು ಓಡತೊಡಗಿದ್ದು 2017ರಲ್ಲಿ. ಅಲ್ಲಿಯವರೆಗೆ ನಮಗೆ ಬಸ್ಸೇ ಗತಿ.

ಯುವತಿ: ಚೀಲದಲ್ಲಿ ಏನಿದೆ, ಸರ್? ಭಾರವಾಗಿ ಕಾಣುತ್ತದೆ.

ಹಿರಿಯರು: ಬಿದ್ರಿ ಹೂದಾನಿ. (ತೋರಿಸುತ್ತಾರೆ) ಸತು, ತಾಮ್ರ ಸೇರಿಸಿ ಎರಕ ಹೊಯ್ಯುತ್ತೇವೆ. ಈ ಬಳ್ಳಿ ಬೆಳ್ಳಿಯ ತಂತಿ.

ಯುವತಿ: ಇಷ್ಟು ಕಪ್ಪು ಬಣ್ಣ ಎಲ್ಲಿಂದ ಬಂತು?

ಹಿರಿಯರು: ಬೀದರ ಕೋಟೆಯ ಮಣ್ಣಿನಿಂದ. ಅದನ್ನು ನವಸಾಗರದ ಜೊತೆ ಕುದಿಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಮಣ್ಣು ಸರಿಯಾದದ್ದೇ ಎಂದು ನಾಲಿಗೆಗೆ ಇಟ್ಟು ನೋಡುತ್ತೇವೆ.

ಯುವತಿ: ಮಣ್ಣಿನ ರುಚಿ ನೋಡುತ್ತೀರಾ!

ಹಿರಿಯರು: ಅದು ನನ್ನ ಕೆಲಸ. ನಿಮಗೆ ಬೇರೆ ರುಚಿ ಇದೆ. (ಊಟದ ಡಬ್ಬಿ ಬಿಚ್ಚಿ) ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ತೆಗೆದುಕೊಳ್ಳಿ.

ಯುವತಿ: (ಹಿಂಜರಿದು) ಹಿಂಡಿಯೇ? ನಮ್ಮ ಕಡೆ ಹಿಂಡಿಯನ್ನು ಹಸುವಿಗೆ ಹಾಕುತ್ತಾರೆ.

(ಇಲ್ಲಿ ಇಬ್ಬರೂ ಒಂದು ಗಳಿಗೆ ಮುಖ ಮುಖ ನೋಡಬೇಕು. ನಗು ಮೊದಲು ಹಿರಿಯರಿಂದ ಬರಲಿ.)

ಹಿರಿಯರು: ಅಯ್ಯೋ ತಂಗಿ! ಇದು ಶೇಂಗಾ ಹುರಿದು, ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿದ ಚಟ್ನಿಪುಡಿ. ತಿಂದು ನೋಡು.

ಯುವತಿ: (ತಿಂದು) ಕಾಕಾ, ನೀರು! ಆದರೆ ಇನ್ನೊಂದು ಚೂರು ರೊಟ್ಟಿ ಕೊಡಿ.

(ಸುರಂಗ. ಇಬ್ಬರೂ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ.)

ಯುವತಿ: ಕತ್ತಲಾಯಿತು! ಇಳಿಯಬೇಕೇ?

ಹಿರಿಯರು: ಸುರಂಗದಲ್ಲಿ ಇಳಿಯುತ್ತೀಯಾ? ಕೈ ತೊಳೆದುಕೋ, ಇನ್ನೂ ಹೊತ್ತಿದೆ.

(ಸ್ವಲ್ಪ ಹೊತ್ತಿನ ಮೇಲೆ ರೈಲು ನಿಧಾನವಾಗುತ್ತದೆ.)

ಯುವತಿ: ಹುಮನಾಬಾದ್ ಬಂತೇ, ಕಾಕಾ?

ಹಿರಿಯರು: ಬಂತು. ಈ ಪೊಟ್ಟಣ ಇಟ್ಟುಕೋ.

ಯುವತಿ: ಏನಿದು?

ಹಿರಿಯರು: ಹಿಂಡಿ. ಹಸುವಿಗೆ ಹಾಕಬೇಡ.