ಈ ಗೆರೆಗೆ ಗರಗಸದ ಹಲ್ಲುಗಳೇಕೆ?

(ಹಿನ್ನೆಲೆಯಲ್ಲಿ: ಮೌನಾ ಲೋವಾದ ಕಾರ್ಬನ್ ಡೈಆಕ್ಸೈಡ್ ನಕ್ಷೆ, 1958ರಿಂದ ಈಚೆಗೆ)

2020ರಲ್ಲಿ ವಿಮಾನಗಳು ನಿಂತವು, ರಸ್ತೆಗಳು ಖಾಲಿಯಾದವು. ಈಗ ನನ್ನ ಹಿಂದಿರುವ ನಕ್ಷೆಯಲ್ಲಿ ಆ ವರ್ಷವನ್ನು ಹುಡುಕಿ. ಸಿಗುವುದಿಲ್ಲ, ಅಲ್ಲವೇ? ಗೆರೆ ಏರುತ್ತಲೇ ಹೋಗಿದೆ.

ಕಾರಣ ಹೇಳುತ್ತೇನೆ. ಮೊದಲು ನಕ್ಷೆ ಓದೋಣ.

(ಎಡಗಡೆಗೆ ಸರಿದು, ಕೆಳತುದಿಯನ್ನು ತೋರಿಸುತ್ತಾ)

ಇಲ್ಲಿ, 1958. ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿಯ ಮೌನಾ ಲೋವಾ ಎಂಬ ಜ್ವಾಲಾಮುಖಿ ಪರ್ವತದ ಮೇಲೆ ಅಳತೆ ಶುರುಮಾಡಿದರು. ಆಗ ಹತ್ತು ಲಕ್ಷ ಅಣುಗಳಷ್ಟು ಗಾಳಿಯಲ್ಲಿ ಸುಮಾರು 315 ಅಣು ಕಾರ್ಬನ್ ಡೈಆಕ್ಸೈಡ್ ಇತ್ತು. 2024ರ ಸರಾಸರಿ 424ರ ಆಸುಪಾಸು.

ಒಂದು ಎಚ್ಚರಿಕೆ: ಎಡಬದಿಯ ಅಂಕಿಗಳು ಸೊನ್ನೆಯಿಂದ ಆರಂಭವಾಗಿಲ್ಲ. ಹಾಗಾಗಿ ಏರು ಇನ್ನಷ್ಟು ಕಡಿದಾಗಿ ಕಾಣುತ್ತದೆ. ಸೊನ್ನೆಯಿಂದ ಬರೆದರೂ ಏರಿಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚೇ. ಅದೇನೂ ಸಣ್ಣದಲ್ಲ.

(ಗೆರೆಯನ್ನು ದೊಡ್ಡದು ಮಾಡಿ)

ಈ ಗರಗಸದ ಹಲ್ಲುಗಳು ನನಗೆ ಬಹಳ ಇಷ್ಟ. ಪ್ರತಿ ಹಲ್ಲೂ ಒಂದು ವರ್ಷ. ಭೂಮಿಯ ಹೆಚ್ಚಿನ ನೆಲ, ಕಾಡು ಇರುವುದು ಉತ್ತರಾರ್ಧದಲ್ಲಿ. ಅಲ್ಲಿ ಬೇಸಿಗೆಯಲ್ಲಿ ಎಲೆಗಳು ಈ ಅನಿಲವನ್ನು ಹೀರುತ್ತವೆ, ಗೆರೆ ಇಳಿಯುತ್ತದೆ. ಚಳಿಗಾಲದಲ್ಲಿ ಎಲೆ ಉದುರಿ ಕೊಳೆಯುತ್ತದೆ, ಗೆರೆ ಏರುತ್ತದೆ. ತುದಿ ಮುಟ್ಟುವುದು ಮೇ ತಿಂಗಳಲ್ಲಿ.

“ಜ್ವಾಲಾಮುಖಿಯ ಮೇಲೆ ಕುಳಿತು ಅಳೆದರೆ ಇನ್ನೇನು ಸಿಗುತ್ತದೆ?” ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅದರ ಅನಿಲ ಬೆರೆತ ಗಾಳಿ ಬಂದಾಗ ಅಳತೆ ಥಟ್ಟನೆ ಏರುಪೇರಾಗುತ್ತದೆ; ಅಂಥವನ್ನು ಗುರುತಿಸಿ ಕೈಬಿಡುತ್ತಾರೆ. ಅದನ್ನೂ ನಂಬಬೇಡಿ ಎನ್ನಿ. ದಕ್ಷಿಣ ಧ್ರುವದಲ್ಲೂ ಅಳೆಯುತ್ತಾರೆ. ಅಲ್ಲಿ ಹಲ್ಲುಗಳು ಚಿಕ್ಕವು, ಏರಿಕೆ ಮಾತ್ರ ಇದೇ.

(ಬಲಗಡೆಗೆ ಸರಿದು, 2020ರ ಮೇಲೆ ಬೆರಳಿಟ್ಟು)

ಈಗ 2020. ಆ ವರ್ಷ ಜಗತ್ತು ಉಗುಳಿದ ಕಾರ್ಬನ್ ಡೈಆಕ್ಸೈಡ್ ಶೇ 5ರಷ್ಟು ತಗ್ಗಿತು. ನಲ್ಲಿಯನ್ನು ತುಸು ತಿರುಗಿಸಿದಿರಿ; ತೊಟ್ಟಿ ತುಂಬುವುದು ನಿಂತಿತೇ? ಉಳಿದ ಶೇ 95 ಸುರಿಯುತ್ತಲೇ ಇತ್ತು. ಉಗುಳಿದ್ದರಲ್ಲಿ ಸುಮಾರು ಅರ್ಧವನ್ನು ಸಮುದ್ರ, ಕಾಡುಗಳು ಎಳೆದುಕೊಳ್ಳುತ್ತವೆ, ಉಳಿದದ್ದು ಗಾಳಿಯಲ್ಲೇ. ಕಾಡುಗಳು ಹೀರುವ ಪ್ರಮಾಣ ವರ್ಷದಿಂದ ವರ್ಷಕ್ಕೆ ತಾನಾಗಿಯೇ ಹೆಚ್ಚುಕಡಿಮೆಯಾಗುತ್ತದೆ; ಆ ಏರಿಳಿತದಲ್ಲಿ ಒಂದು ವರ್ಷದ ಶೇ 5 ಮುಳುಗಿಹೋಯಿತು.

(ಹಿನ್ನೆಲೆ ಬದಲು: “ಕಾರ್ಬನ್ ಡೈಆಕ್ಸೈಡ್ ಹೊಸ ದಾಖಲೆ” ಎಂಬ ಶೀರ್ಷಿಕೆ)

ಇಂಥ ಶೀರ್ಷಿಕೆ ಹೆಚ್ಚುಕಡಿಮೆ ಪ್ರತಿ ಮೇ, ಜೂನ್‌ನಲ್ಲಿ ಬರುತ್ತದೆ. ಸುಳ್ಳಲ್ಲ, ಆದರೆ ಏರುವ ಗೆರೆಯಲ್ಲಿ ಪ್ರತಿ ವರ್ಷದ ತುದಿಯೂ ದಾಖಲೆಯೇ. ಏಪ್ರಿಲ್ ಜೊತೆ ಹೋಲಿಸಿದ್ದರೆ ಬಿಟ್ಟುಬಿಡಿ. ಕಳೆದ ಮೇಗೂ ಈ ಮೇಗೂ ಎಷ್ಟು ಅಂತರ, ಅದು ಹಿಂದಿನ ಅಂತರಕ್ಕಿಂತ ದೊಡ್ಡದೇ ಎಂಬುದನ್ನು ಸುದ್ದಿಯೊಳಗೆ ಹುಡುಕಿ.