ಹಾಸನ ಬಸ್ ಸ್ಟ್ಯಾಂಡಿನ ವಿಚಾರಣೆ: ಪ್ರಥಮ ಬಿ.ಕಾಂ. ಸ್ಪೋಕನ್ ಇಂಗ್ಲಿಷ್, 50 ನಿಮಿಷ

ಇಬ್ಬಿಬ್ಬರಾಗಿ ಕೂರಿಸಿ. ಒಬ್ಬರು ಬೇಲೂರಿಗೆ ಹೊರಟ, ಕನ್ನಡ ಬಾರದ ಪ್ರವಾಸಿ, ಇನ್ನೊಬ್ಬರು ಕೌಂಟರ್‌ನವರು. ಪ್ರವಾಸಿಯ ಚೀಟಿ: ಚೆನ್ನಕೇಶವ ದೇವಸ್ಥಾನ ನೋಡಿ ಸಂಜೆಯೊಳಗೆ ವಾಪಸ್ ಬರಬೇಕು, ಲಗೇಜ್ ಇಡಲು ಜಾಗ ಬೇಕು. ಕೌಂಟರ್‌ನವರ ಚೀಟಿ: ಬಸ್ ಈಗಷ್ಟೇ ಹೋಯಿತು, ಮುಂದಿನದು ಅರ್ಧ ಗಂಟೆಗೆ. ಒಬ್ಬರ ಚೀಟಿ ಇನ್ನೊಬ್ಬರು ನೋಡಬಾರದು. ನೋಡಿದರೆ ಕೇಳಲು ಏನೂ ಉಳಿಯುವುದಿಲ್ಲ.

5 ನಿಮಿಷ ತಯಾರಿ, 8 ನಿಮಿಷ ಮಾತು, ಪಾತ್ರ ಅದಲುಬದಲು ಮಾಡಿ ಇನ್ನೊಂದು 8.

ಅಷ್ಟು ಹೊತ್ತೂ ಮೇಷ್ಟ್ರು ಮಧ್ಯೆ ಬಾಯಿ ಹಾಕಬಾರದು. ಕಷ್ಟವೇ, ಆದರೂ ತಡೆದುಕೊಳ್ಳಿ. ಬೆಂಚುಗಳ ನಡುವೆ ಓಡಾಡುತ್ತಾ, ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದುಕೊಳ್ಳಿ. ಮಾತೇ ನಿಂತುಹೋದರೆ ಮಾತ್ರ ಒಂದು ಪದ ಕೊಡಿ.

ಆಮೇಲೆ 20 ನಿಮಿಷ ಬೋರ್ಡಿಗೆ. ಯಾರದ್ದೆಂದು ಹೇಳದೆ ಆರು ವಾಕ್ಯ ಬರೆಯಿರಿ. ಅದರಲ್ಲಿ ಎರಡು ಸರಿಯಾದವೂ ಇರಲಿ. ಉದಾಹರಣೆಗೆ, ‘ವೇರ್ ದ ಬಸ್ ವಿಲ್ ಸ್ಟಾಪ್?’ ‘ಐ ಆಮ್ ಹ್ಯಾವಿಂಗ್ ಟೂ ಬ್ಯಾಗ್ಸ್.’ ‘ಕುಡ್ ಯು ಸೇ ದಟ್ ಅಗೇನ್?’ ಯಾವುದು ಸರಿಯೆಂದು ಜೋಡಿಗಳೇ ತೀರ್ಮಾನಿಸಲಿ. ಮೊದಲನೆಯದರ ಹತ್ತಿರ ತುಸು ನಿಲ್ಲಿ: ಪ್ರಶ್ನೆಯಾದಾಗ ‘ವಿಲ್’ ‘ಬಸ್’ಗಿಂತ ಮುಂಚೆ ಬರಬೇಕು. ಎಲ್ಲರಿಂದಲೂ ಒಮ್ಮೆ ಜೋರಾಗಿ ಹೇಳಿಸಿ.

ಉಳಿದ 9 ನಿಮಿಷಕ್ಕೆ ಹೊಸ ಜೋಡಿ, ಹೊಸ ಚೀಟಿ: ಚಿಕ್ಕಮಗಳೂರಿನ ಹೋಂಸ್ಟೇಗೆ ಫೋನ್ ಮಾಡಿ ರೂಮ್ ಕೇಳುವುದು. ಫೋನಾದ್ದರಿಂದ ಬೆನ್ನಿಗೆ ಬೆನ್ನು ಕೊಟ್ಟು ಕೂರಲಿ.