ಸ್ವವಿವರ: ಜಿ. ಶಾರದಾ, ವಾಣಿಜ್ಯಶಾಸ್ತ್ರ ಉಪನ್ಯಾಸಕಿ, ಬಳ್ಳಾರಿ

ಅರ್ಜಿ ಸಲ್ಲಿಸಿರುವ ಹುದ್ದೆ: ತರಬೇತಿ ಅಧಿಕಾರಿ (ಲೆಕ್ಕಪತ್ರ ಮತ್ತು ಕಚೇರಿ ಕೌಶಲ್ಯ), ಉಕ್ಕು ಕಾರ್ಖಾನೆಯ ಮಾನವ ಸಂಪನ್ಮೂಲ ವಿಭಾಗ, ತೋರಣಗಲ್ಲು

ಸಂಪರ್ಕ: ಈ ಅರ್ಜಿ ಬಂದಿರುವ ಇಮೇಲ್ ವಿಳಾಸ

ಸಂಕ್ಷಿಪ್ತವಾಗಿ

2013ರ ಜುಲೈನಿಂದ ಬಳ್ಳಾರಿಯ ಅನುದಾನಿತ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಬೋಧನೆ. 2022ರ ಜೂನ್‌ನಿಂದ ಕಾಲೇಜಿನ ಅನುಮತಿಯೊಂದಿಗೆ, ರಜೆ ಮತ್ತು ವಾರಾಂತ್ಯಗಳಲ್ಲಿ ಕಾರ್ಖಾನೆ, ಗಿರಣಿ, ಗಾರ್ಮೆಂಟ್ ಘಟಕಗಳ ಸಿಬ್ಬಂದಿಗೆ ತರಬೇತಿ. ಈಗ ಪೂರ್ಣಾವಧಿ ತರಬೇತಿಗೆ ಬರುವ ಇಚ್ಛೆ. ಕಾಲೇಜಿನಲ್ಲಿ ಪಠ್ಯ ಮುಗಿಸುವುದು ಗುರಿಯಾದರೆ, ಕೆಲಸದ ಸ್ಥಳದಲ್ಲಿ ಸೋಮವಾರ ಬೆಳಿಗ್ಗೆ ಆ ಕೆಲಸ ಸರಿಯಾಗಿ ಆಗುವುದು ಗುರಿ. ಕೆಳಗಿನ ವಿವರಗಳನ್ನು ಅದೇ ದೃಷ್ಟಿಯಿಂದ ಕೊಟ್ಟಿದೆ.

ನಡೆಸಿದ ತರಬೇತಿ (2022 ಜೂನ್ – 2025 ಮಾರ್ಚ್)

ಒಟ್ಟು 11 ತಂಡ, ತಲಾ 2 ಗಂಟೆಯ 38 ಸೆಷನ್, 274 ಮಂದಿ.

- ಸ್ಟೋರ್ಸ್ ಮತ್ತು ಅಕೌಂಟ್ಸ್ ಸಿಬ್ಬಂದಿಗೆ ಎಕ್ಸೆಲ್: 3 ತಂಡ, 18 ಸೆಷನ್, 66 ಮಂದಿ. ಬಳ್ಳಾರಿ ಸುತ್ತಲಿನ ಸ್ಪಾಂಜ್ ಐರನ್ ಘಟಕಗಳು ಮತ್ತು ಕೊಪ್ಪಳದ ಗಿಣಿಗೇರಾ.
- ಜಿಎಸ್‌ಟಿ ಖರೀದಿ ತಾಳೆ: 4 ತಂಡ, 12 ಸೆಷನ್, 96 ಮಂದಿ. ಬಳ್ಳಾರಿಯ ಜೀನ್ಸ್ ಘಟಕಗಳ ಮತ್ತು ರಾಯಚೂರಿನ ಅಕ್ಕಿ ಗಿರಣಿಗಳ ಲೆಕ್ಕಿಗರು.
- ಶಿಫ್ಟ್ ವರದಿ ಮತ್ತು ಕಚೇರಿ ಇಮೇಲ್: 4 ತಂಡ, 8 ಸೆಷನ್, 112 ಮಂದಿ. ಸೂಪರ್‌ವೈಸರ್‌ಗಳು ಮತ್ತು ಹೊಸದಾಗಿ ಸೇರಿದ ಡಿಪ್ಲೊಮಾ ಪದವೀಧರರು.

ಬೋಧನೆ ಕನ್ನಡದಲ್ಲಿ. ಅಗತ್ಯವಿದ್ದಾಗ ತೆಲುಗು, ಹಿಂದಿ. ಸ್ಕ್ರೀನ್ ಮೇಲಿನ ಮೆನು ಹೆಸರುಗಳನ್ನು ಇಂಗ್ಲಿಷಿನಲ್ಲೇ ಉಳಿಸಿಕೊಳ್ಳಲಾಗುತ್ತದೆ, ಏಕೆಂದರೆ ಸಿಬ್ಬಂದಿ ದಿನವೂ ನೋಡುವುದು ಅವನ್ನೇ.

ಪಠ್ಯಕ್ರಮ ರಚನೆ

ಜಿಎಸ್‌ಟಿ ಖರೀದಿ ತಾಳೆ, 6 ಗಂಟೆ: ಪೂರೈಕೆದಾರ ತನ್ನ ರಿಟರ್ನ್‌ನಲ್ಲಿ ಬಿಲ್ ತೋರಿಸದೆ ಅದು ಜಿಎಸ್‌ಟಿಆರ್-2ಬಿಯಲ್ಲಿ ಬರದಿದ್ದರೆ ಆ ತೆರಿಗೆ ಜಮೆ ಪಡೆಯಲಾಗದು. ಹಾಗಾಗಿ ತಿಂಗಳ 14ರ ನಂತರ 2ಬಿ ಇಳಿಸಿಕೊಂಡು, 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸುವ ಮುನ್ನ ಖರೀದಿ ಪುಸ್ತಕದೊಂದಿಗೆ ತಾಳೆ ನೋಡಬೇಕು. ಕೋರ್ಸ್ ಇಡೀ ಈ ಐದಾರು ದಿನಗಳ ಕೆಲಸದ ಸುತ್ತ ಕಟ್ಟಿದ್ದು.

ಮೊದಲ ಸೆಷನ್‌ನಲ್ಲೇ ಸಿಬ್ಬಂದಿ ಎರಡೂ ಹಾಳೆಯಲ್ಲಿ ಜಿಎಸ್‌ಟಿ ಸಂಖ್ಯೆ (A) ಮತ್ತು ಬಿಲ್ ಸಂಖ್ಯೆ (C) ಸೇರಿಸಿದ ಕೀಲಿ ಕಾಲಂ ಮಾಡುತ್ತಾರೆ:

```
=TRIM(A2)&"|"&TRIM(C2)
```

ತಾಳೆ ತಪ್ಪುವುದಕ್ಕೆ ಹೆಚ್ಚಾಗಿ ಎರಡೇ ಕಾರಣ. ಸಂಖ್ಯೆಯ ಕೊನೆಗೆ ಉಳಿದ ಖಾಲಿ ಜಾಗ ಒಂದು. ಅದನ್ನು `TRIM` ತೆಗೆಯುತ್ತದೆ. ಇನ್ನೊಂದು, ಬಿಲ್‌ನಲ್ಲಿ 0045 ಇದ್ದದ್ದು ಹಾಳೆಯಲ್ಲಿ ಟೈಪ್ ಮಾಡಿದಾಗ 45 ಆಗುವುದು. ಇದಕ್ಕೆ ನಮೂದಿಸುವ ಮೊದಲೇ ಕಾಲಂ ಅನ್ನು ಟೆಕ್ಸ್ಟ್ ಮಾಡಿಡುವ ಅಭ್ಯಾಸ ಬೇಕು. ಆದ್ದರಿಂದ ಅಭ್ಯಾಸದ ಫೈಲಿನಲ್ಲಿ ಈ ಎರಡೂ ದೋಷಗಳನ್ನು ಬೇಕೆಂದೇ ಇಡಲಾಗಿದೆ. ಶುದ್ಧ ಫೈಲಿನಲ್ಲಿ ಕಲಿತವರು ತಮ್ಮ ಟೇಬಲ್ಲಿಗೆ ಹೋದಾಗ ನಿಂತುಬಿಡುತ್ತಾರೆ.

ಎಕ್ಸೆಲ್ ಕೋರ್ಸ್, 12 ಗಂಟೆ: 20 ನಿಮಿಷದ ಪೂರ್ವಪರೀಕ್ಷೆ, ಆಮೇಲೆ ಆರು ಸೆಷನ್. ಪ್ರತಿ ಸೆಷನ್‌ನಲ್ಲಿ ವಿವರಣೆ 40 ನಿಮಿಷ ಮೀರುವುದಿಲ್ಲ, ಉಳಿದದ್ದು ಕೈಯಾರೆ ಅಭ್ಯಾಸ. ಉದಾಹರಣೆಗಳು ಆಯಾ ಘಟಕದ್ದೇ: ಕಬ್ಬಿಣದ ಅದಿರಿನ ಲಾರಿ ತೂಕದ ಚೀಟಿ, ಬಿಡಿಭಾಗಗಳ ಸ್ಟಾಕ್. ಕಂಪನಿಯ ಅಂಕಿಗಳನ್ನು ಬದಲಿಸಿಯೇ ಬಳಕೆ.

ಶಿಫ್ಟ್ ವರದಿ, 4 ಗಂಟೆ: ಆಗಿದ್ದೇನು, ನಿಂತಿದ್ದೆಷ್ಟು ಹೊತ್ತು, ಮುಂದಿನ ಶಿಫ್ಟ್ ಮಾಡಬೇಕಾದ್ದೇನು ಎಂಬ ಮೂರು ಸಾಲಿನ ನಮೂನೆ.

ಕಲಿತವರ ಅಭಿಪ್ರಾಯ ಮತ್ತು ಫಲ

274 ಮಂದಿಯಲ್ಲಿ 241 ಮಂದಿ ಹೆಸರಿಲ್ಲದ ಅಭಿಪ್ರಾಯ ಪತ್ರ ತುಂಬಿದ್ದಾರೆ. ಸರಾಸರಿ 5ಕ್ಕೆ 4.4. ಅತಿ ಹೆಚ್ಚು ಅಂಕ 'ನನ್ನ ಕೆಲಸಕ್ಕೆ ಹೊಂದುತ್ತದೆ' ಎಂಬುದಕ್ಕೆ (4.7), ಅತಿ ಕಡಿಮೆ 'ವೇಗ ಸರಿ ಇತ್ತು' ಎಂಬುದಕ್ಕೆ (3.9). ರಾತ್ರಿ ಪಾಳಿ ಮುಗಿಸಿ ಬಂದವರಿಂದಲೇ ಈ ಅಂಕ ಇಳಿದಿತ್ತು; ಅದನ್ನು ಕಂಡು 2024ರಿಂದ ಸೆಷನ್‌ಗಳನ್ನು ಸಾಮಾನ್ಯ ಪಾಳಿಯ ಮಧ್ಯಾಹ್ನಕ್ಕೆ ಸರಿಸಲಾಗಿದೆ.

ತೃಪ್ತಿಯ ಅಂಕಕ್ಕಿಂತ ಕೆಲಸದಲ್ಲಾದ ಬದಲಾವಣೆಗೆ ಹೆಚ್ಚು ತೂಕ ಕೊಡಬೇಕು. ಎಕ್ಸೆಲ್ ತಂಡಗಳ ಸರಾಸರಿ ಪರೀಕ್ಷಾ ಅಂಕ 25ಕ್ಕೆ 9.1ರಿಂದ 18.6ಕ್ಕೆ ಏರಿತು. 30 ದಿನಗಳ ನಂತರ 52 ಮಂದಿಯ ಬಗ್ಗೆ ಮೇಲ್ವಿಚಾರಕರ ಉತ್ತರ ಬಂದಿದ್ದು, ಅವರಲ್ಲಿ 37 ಮಂದಿ ತಿಂಗಳ ಸ್ಟಾಕ್ ಪಟ್ಟಿಯನ್ನು ಯಾರ ನೆರವೂ ಇಲ್ಲದೆ ಮಾಡುತ್ತಿದ್ದರು.

ಕಾಲೇಜು ಅನುಭವ

ವಾರಕ್ಕೆ 16 ಗಂಟೆ ಬೋಧನೆ: ವೆಚ್ಚ ಲೆಕ್ಕಶಾಸ್ತ್ರ, ಆದಾಯ ತೆರಿಗೆ, ಜಿಎಸ್‌ಟಿ, ಟ್ಯಾಲಿ ಪ್ರಯೋಗಾಲಯ. ಹೊಸ ಶಿಕ್ಷಣ ನೀತಿಯಂತೆ 2021ರಲ್ಲಿ ಬಂದ ಪಠ್ಯಕ್ಕೆ ಕಾಲೇಜಿನ ಪ್ರಯೋಗಾಲಯ ಕೈಪಿಡಿ ಬರೆದದ್ದು. ಉದ್ಯೋಗ ಮಾರ್ಗದರ್ಶನ ಘಟಕದ ಸಂಚಾಲಕಿ.

ಶಿಕ್ಷಣ

ಎಂ.ಕಾಂ., ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಬಳ್ಳಾರಿ, 2012. ಬಿ.ಕಾಂ., ಗುಲಬರ್ಗಾ ವಿಶ್ವವಿದ್ಯಾಲಯ, 2010. ಕೆ-ಸೆಟ್ (ವಾಣಿಜ್ಯ) ತೇರ್ಗಡೆ.

ಸೇರಲು ಲಭ್ಯತೆ

ಸೆಮಿಸ್ಟರ್ ಮುಗಿದ ನಂತರ, ಒಂದು ತಿಂಗಳ ನೋಟಿಸ್ ಅವಧಿ. ಸಂದರ್ಶನಕ್ಕೆ 30 ನಿಮಿಷದ ಮಾದರಿ ಸೆಷನ್, ಅಭ್ಯಾಸದ ಫೈಲ್ ಮತ್ತು ಹೆಸರು ತೆಗೆದ ಅಭಿಪ್ರಾಯ ಪತ್ರಗಳನ್ನು ತರಲಾಗುವುದು.